ಎಕ್ಸ್-ರೇ 94% ಹಿಡಿಯುತ್ತೆ ಅಂದ್ರೆ ಅಮ್ಮನಿಗೆ 94% ಟಿಬಿ ಇದೆ ಅಂತಾನಾ?

ಶಿಡ್ಲಘಟ್ಟ_ಸುಮ

ಎಲ್ಲರಿಗೂ ನಮಸ್ಕಾರ. ಇದು ಲೆಕ್ಕದ ಪ್ರಶ್ನೆ, ಆದರೆ ನನಗೆ ಬರೀ ಲೆಕ್ಕ ಅಲ್ಲ.

ಹೋದ ವಾರ ನಮ್ಮೂರಲ್ಲಿ ಟಿಬಿ ಕ್ಯಾಂಪ್ ಮಾಡಿದರು. ಕೈಯಲ್ಲಿ ಹಿಡಿಯೋ ಚಿಕ್ಕ ಎಕ್ಸ್-ರೇ ಮೆಷಿನ್ ತಂದಿದ್ದರು. ಅಮ್ಮನೂ ಹೋಗಿ ತೆಗೆಸಿಕೊಂಡರು. ಅವರಿಗೆ 52 ವರ್ಷ, ಇಪ್ಪತ್ತು ವರ್ಷದಿಂದ ರೇಷ್ಮೆ ನೂಲು ಬಿಚ್ಚೋ ಕೆಲಸ, ಹೊಗೆ, ಬಿಸಿನೀರಿನ ಆವಿ, ಸತ್ತ ಹುಳುವಿನ ವಾಸನೆ, ಅದರಲ್ಲೇ ದಿನ ಕಳೆದಿದ್ದಾರೆ. ಕೆಮ್ಮು ಮೊದಲಿಂದಲೂ ಇದೆ. ಚೀಟಿಯಲ್ಲಿ "ಅಸಹಜ, ಕಫ ಪರೀಕ್ಷೆ ಮಾಡಿಸಿ" ಅಂತ ಬರೆದು ಕೊಟ್ಟರು. ಅಲ್ಲಿದ್ದ ಒಬ್ಬ ಹುಡುಗ "ಈ ಎಕ್ಸ್-ರೇ ಟಿಬಿ ಇದ್ದರೆ 94% ಹಿಡಿಯುತ್ತೆ" ಅಂದ.

ಅವತ್ತಿಂದ ಅಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾರೆ. ಜಗಲಿ ಮೇಲೆ ಮಲಗ್ತಾರೆ. ನನ್ನ ಮಗುವನ್ನು ಎತ್ತಿಕೊಳ್ಳಲ್ಲ. "ನೂರಕ್ಕೆ ತೊಂಬತ್ತನಾಲ್ಕು ಅಂದಮೇಲೆ ಇನ್ನೇನಮ್ಮ ಉಳೀತು" ಅಂತಾರೆ. ನಾನು ಬಿ.ಕಾಂ ಓದಿದವಳು, ಸಂಭವನೀಯತೆ ಅಂತ ಏನೋ ಓದಿದ್ದ ನೆನಪು. ಎಲ್ಲೋ ಈ ಲೆಕ್ಕ ಸರಿಯಿಲ್ಲ ಅಂತ ಅನ್ನಿಸ್ತಿದೆ, ಆದರೆ ಎಲ್ಲಿ ಅಂತ ಹೇಳೋಕೆ ಬರ್ತಿಲ್ಲ. ಗೊತ್ತಿರೋರು ಹೇಳಿ.

ಮಹೇಶ_ಗೌರಿಬಿದನೂರು

ಅಕ್ಕ ಹೆದರಬೇಡಿ. 94% ಅಂದರೆ ಟಿಬಿ ಇರೋ 100 ಜನರಲ್ಲಿ 94 ಜನರನ್ನು ಹಿಡಿಯುತ್ತೆ ಅಂತ. ನಿಮ್ಮ ಅಮ್ಮನಿಗೆ 94% ಇದೆ ಅಂತ ಅಲ್ಲ. ಎರಡೂ ಬೇರೆ ಬೇರೆ.

ಅಮ್ಮನಿಗೆ ಎಷ್ಟು ಅಂತ ಬೇಕಾದರೆ, ಟಿಬಿ ಇರಬಹುದು ಇಲ್ಲದಿರಬಹುದು, ಅಲ್ಲಿಗೆ 50-50 ಅಂತ ಶುರು ಮಾಡಬೇಕು. ಟಿಬಿ ಇಲ್ಲದವರಲ್ಲೂ ಸ್ವಲ್ಪ ಜನಕ್ಕೆ ಸುಮ್ನೆ ಪಾಸಿಟಿವ್ ಬರುತ್ತೆ, ಅದು 11% ಅಂತ ಎಲ್ಲೋ ಓದಿದ್ದೆ. ಹಾಗಾದರೆ 94 ಭಾಗಿಸು 105, ಸುಮಾರು 90% ಬಂತು. ಸ್ವಲ್ಪ ಕಡಿಮೆ ಆಯ್ತು ನೋಡಿ.

ಶಿಡ್ಲಘಟ್ಟ_ಸುಮ

ಅಣ್ಣ, ಅದು 94ರಿಂದ 90ಕ್ಕೆ ಇಳಿದರೆ ಅಮ್ಮ ಜಗಲಿಯಿಂದ ಒಳಗೆ ಬರಲ್ಲ.

ಮೇಷ್ಟ್ರು_ತುಮಕೂರು

ಮಹೇಶ್ ಅವರ ಮೊದಲ ಪ್ಯಾರಾ ಪೂರ್ತಿ ಸರಿ. ಎರಡನೇದು ಶುರುವಲ್ಲೇ ತಪ್ಪಿದೆ. ಎರಡು ಸಾಧ್ಯತೆ ಇದ್ದ ಮಾತ್ರಕ್ಕೆ ಅರ್ಧ ಅರ್ಧ ಆಗಲ್ಲ. ನಾಳೆ ನಮ್ಮ ತುಮಕೂರಲ್ಲಿ ಹಿಮ ಬೀಳಬಹುದು, ಬೀಳದೆ ಇರಬಹುದು. ಅದು 50-50 ಅಲ್ಲ ತಾನೇ? ಊರಲ್ಲಿ ನಿಜವಾಗಿ ಎಷ್ಟು ಜನಕ್ಕೆ ಟಿಬಿ ಇದೆ ಅನ್ನೋದರಿಂದ ಶುರು ಮಾಡಬೇಕು.

ನಾನು ಡಿಗ್ರಿ ಕಾಲೇಜಲ್ಲಿ 22 ವರ್ಷ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿದವನು. ಸೂತ್ರ ಆಮೇಲೆ ನೋಡೋಣ. ಮೊದಲು ಜನರನ್ನೇ ಎಣಿಸೋಣ.

2019-21ರಲ್ಲಿ ದೇಶದಾದ್ಯಂತ ಟಿಬಿ ಸರ್ವೆ ನಡೆಯಿತು. ಅದರಲ್ಲಿ 15 ವರ್ಷ ದಾಟಿದವರಲ್ಲಿ ಲಕ್ಷಕ್ಕೆ 316 ಜನರಿಗೆ ಶ್ವಾಸಕೋಶದ ಟಿಬಿ ಇದೆ ಅಂತ ಅಂದಾಜು ಬಂತು. ಲೆಕ್ಕ ಸುಲಭ ಆಗಲಿ ಅಂತ 300 ಅಂತ ಇಟ್ಟುಕೊಳ್ತೀನಿ. ಇನ್ನು ಎಕ್ಸ್-ರೇ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಎದೆಯ ಎಕ್ಸ್-ರೇಯಲ್ಲಿ "ಏನಾದರೂ ಅಸಹಜ ಕಂಡರೂ ಪಾಸಿಟಿವ್" ಅಂತ ಬರೆದರೆ, ಟಿಬಿ ಇರೋರಲ್ಲಿ ಸುಮಾರು 94% ಜನ ಸಿಕ್ಕುತ್ತಾರೆ. ಟಿಬಿ ಇಲ್ಲದವರಲ್ಲಿ 89% ಜನಕ್ಕೆ ಸರಿಯಾಗಿ "ಇಲ್ಲ" ಅನ್ನುತ್ತೆ. ಉಳಿದ 11% ಜನಕ್ಕೆ ಸುಮ್ನೆ ಪಾಸಿಟಿವ್. ಮಹೇಶ್ ಓದಿದ 11 ಇದೇ.

ಈಗ ಒಂದು ಲಕ್ಷ ಜನ ಸಾಲಾಗಿ ಎಕ್ಸ್-ರೇ ತೆಗೆಸಿಕೊಂಡರು ಅನ್ನಿ.

ಅವರಲ್ಲಿ 300 ಜನಕ್ಕೆ ಟಿಬಿ ಇದೆ. ಅದರಲ್ಲಿ 94%, ಅಂದರೆ 282 ಜನಕ್ಕೆ ಅಸಹಜ ಅಂತ ಚೀಟಿ ಬರುತ್ತೆ. 18 ಜನ ತಪ್ಪಿಸಿಕೊಂಡು ಮನೆಗೆ ಹೋಗ್ತಾರೆ.

99,700 ಜನಕ್ಕೆ ಟಿಬಿ ಇಲ್ಲ. ಅದರಲ್ಲಿ 11%, ಅಂದರೆ 10,967 ಜನಕ್ಕೂ ಅದೇ ಅಸಹಜ ಚೀಟಿ ಬರುತ್ತೆ.

ಈಗ ಚೀಟಿ ಸಿಕ್ಕವರನ್ನೆಲ್ಲ ಒಂದು ಕಡೆ ನಿಲ್ಲಿಸಿ. 282 ಮತ್ತು 10,967 ಕೂಡಿದರೆ 11,249 ಜನ. ನಿಮ್ಮ ಅಮ್ಮ ಈ ಗುಂಪಿನಲ್ಲಿ ಒಬ್ಬರು. ಈ ಗುಂಪಲ್ಲಿ ಟಿಬಿ ಇರೋರು ಎಷ್ಟು? 282. ಭಾಗಿಸಿದರೆ 2.5%. ನೂರಕ್ಕೆ ಎರಡೂವರೆ.

94 ಹೋಗಿ ಎರಡೂವರೆ ಆಗಿದ್ದು ಮೆಷಿನ್ ಕೆಟ್ಟದು ಅಂತ ಅಲ್ಲ. ಟಿಬಿ ಇಲ್ಲದವರ ಗುಂಪು 332 ಪಟ್ಟು ದೊಡ್ಡದು. ದೊಡ್ಡ ಗುಂಪಿನ ಸಣ್ಣ ತಪ್ಪು, ಸಣ್ಣ ಗುಂಪಿನ ದೊಡ್ಡ ಸರಿಯನ್ನು ಮುಳುಗಿಸಿಬಿಡುತ್ತೆ.

ಶಿಡ್ಲಘಟ್ಟ_ಸುಮ

ಸರ್, ಇದನ್ನು ಅಮ್ಮನ ಮುಂದೆ ಕೂತು ಹುರುಳಿಕಾಳು ಇಟ್ಟು ತೋರಿಸಿದೆ. ನಲವತ್ತು ಕಾಳು, ಅದರಲ್ಲಿ ಒಂದು ಮೆಣಸು. "ಚೀಟಿ ಬಂದವರು ಇಷ್ಟು ಜನ, ಟಿಬಿ ಇರೋದು ಈ ಮೆಣಸು ಒಂದೇ" ಅಂದೆ. ಬಹಳ ಹೊತ್ತು ನೋಡಿದರು. ಆಮೇಲೆ "ಹಂಗಾದ್ರೆ ಆ ಮೆಣಸು ನಾನಲ್ಲ ಅಂತ ಹೆಂಗೆ ಹೇಳ್ತೀಯ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೇಷ್ಟ್ರು_ತುಮಕೂರು

ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಅದನ್ನು ಹೇಳೋಕೆ ಕಫ ಪರೀಕ್ಷೆ ಬೇಕು. ಎಕ್ಸ್-ರೇ ಕೆಲಸ ಲಕ್ಷ ಜನರನ್ನು ಹನ್ನೊಂದು ಸಾವಿರಕ್ಕೆ ಇಳಿಸೋದು, ಅಷ್ಟೇ.

ಪಿಯು_ಹುಡುಗ_ತಿಪಟೂರು

ಸರ್ ನನಗೆ ಪರೀಕ್ಷೆಗೆ ಇದೇ ಥರ ಲೆಕ್ಕ ಬರುತ್ತೆ. ನಾನು ಪಾಸಿಟಿವ್ ಬರೋ ಸಂಭವನೀಯತೆ 0.94 + 0.11 = 1.05 ಅಂತ ಬರೆದೆ. ಒಂದಕ್ಕಿಂತ ಜಾಸ್ತಿ ಬಂತು. ಎಲ್ಲಿ ತಪ್ಪು?

ಇನ್ನೊಂದು ಸಲ 0.94 × 0.003 = 0.00282 ಅಂತ ಬರೆದು ಅದೇ ಉತ್ತರ ಅಂತ ನಿಲ್ಲಿಸಿದೆ. ಅದಕ್ಕೂ ಮಾರ್ಕ್ಸ್ ಬರಲಿಲ್ಲ.

ಮೇಷ್ಟ್ರು_ತುಮಕೂರು

ಒಂದಕ್ಕಿಂತ ಜಾಸ್ತಿ ಬಂದ ತಕ್ಷಣ ನಿಂತು ಕೇಳಿದ್ದು ಒಳ್ಳೆಯದಾಯ್ತು. 0.94 ಒಂದು ಗುಂಪಿನ ದರ, 0.11 ಇನ್ನೊಂದು ಗುಂಪಿನ ದರ. ಗುಂಪಿನ ಗಾತ್ರದಿಂದ ಗುಣಿಸದೆ ಎರಡು ದರ ಕೂಡಿಸೋಕೆ ಬರಲ್ಲ. ಕೋಲಾರದ ಮಂಡಿಯಲ್ಲಿ ಒಬ್ಬನ ಟೊಮೆಟೊದಲ್ಲಿ 94% ಹಣ್ಣಾಗಿದೆ, ಇನ್ನೊಬ್ಬನದು 11% ಹಣ್ಣಾಗಿದೆ ಅಂದರೆ ಒಟ್ಟು ಎಷ್ಟು ಹಣ್ಣು? ಯಾರು ಎಷ್ಟು ಬಾಕ್ಸ್ ತಂದಿದ್ದಾರೆ ಅಂತ ಗೊತ್ತಿಲ್ಲದೆ ಹೇಳೋಕಾಗಲ್ಲ ಅಲ್ವಾ. ಒಬ್ಬ ಮೂರು ಬಾಕ್ಸ್, ಇನ್ನೊಬ್ಬ 997 ಬಾಕ್ಸ್ ತಂದಿದ್ದಾನೆ. ಟಿಬಿ ಇದೆ ಅನ್ನೋದಕ್ಕೆ T, ಇಲ್ಲ ಅನ್ನೋದಕ್ಕೆ T′, ಚೀಟಿ ಬಂತು ಅನ್ನೋದಕ್ಕೆ + ಅಂತ ಇಟ್ಟುಕೊಂಡು ಹೀಗೆ ಬರಿ:

P(+) = P(+|T)·P(T) + P(+|T′)·P(T′)
= 0.94 × 0.003 + 0.11 × 0.997
= 0.00282 + 0.10967 = 0.11249

ನಿನ್ನ ಎರಡನೇ ತಪ್ಪು ಬೇರೆ ಥರದ್ದು. 0.00282 ಅನ್ನೋದು "ಊರಲ್ಲಿ ಯಾರನ್ನಾದರೂ ಒಬ್ಬರನ್ನು ಆರಿಸಿದರೆ, ಅವರಿಗೆ ಟಿಬಿಯೂ ಇದ್ದು ಚೀಟಿಯೂ ಬಂದಿರೋ" ಸಂಭವನೀಯತೆ. ಪ್ರಶ್ನೆಯಲ್ಲಿ ಚೀಟಿ ಆಗಲೇ ಬಂದಾಗಿದೆ. ಊರು ಮುಗೀತು, ಈಗ ಚೀಟಿ ಬಂದವರೇ ನಿನ್ನ ಊರು. ಅದಕ್ಕೇ 0.00282 ಅನ್ನು 0.11249 ರಿಂದ ಭಾಗಿಸಬೇಕು. 0.025 ಬರುತ್ತೆ. "ಬಂದಿದೆ ಎಂದು ತಿಳಿದಾಗ", "ಎಂದಾದರೆ" ಅಂತ ಪ್ರಶ್ನೆಯಲ್ಲಿ ಇದ್ದರೆ ಭಾಗಾಕಾರ ಇದೆ ಅಂತ ತಿಳ್ಕೋ.

ಪ್ರಭು_ಕೆಜಿಎಫ್

ನಾನು ಲೆಕ್ಕದವನಲ್ಲ, ನಮ್ಮಪ್ಪನ ವಿಷಯ ಹೇಳ್ತೀನಿ. ಅಪ್ಪ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡಿದವರು, 2001ರಲ್ಲಿ ಗಣಿ ಮುಚ್ಚೋವರೆಗೂ. ಎದೆ ಎಕ್ಸ್-ರೇ ತೆಗೆದಾಗ ಎರಡೂ ಕಡೆ ಚುಕ್ಕಿ ಚುಕ್ಕಿ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕಫ ನೋಡದೆ, ಬರೀ ಎಕ್ಸ್-ರೇ ನೋಡಿ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದರು. ಚುಕ್ಕಿ ಹೋಗಲಿಲ್ಲ. ಆಮೇಲೆ ಇನ್ನೊಬ್ಬ ಡಾಕ್ಟರು ಅದು ಕಲ್ಲಿನ ಧೂಳು ಕೂತಿರೋದು, ಸಿಲಿಕೋಸಿಸ್ ಅಂದರು. ಮಾತ್ರೆಗೆ ಅಪ್ಪನ ಹೊಟ್ಟೆ ಕೆಟ್ಟು, ಮೂತ್ರ ಕೆಂಪಾಗಿ, ಅವರು ಪಟ್ಟ ಪಾಡು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ನಮ್ಮ ಲೈನ್ ಮನೆಗಳ ಕಡೆ ಕ್ಯಾಂಪ್ ಆದಾಗ ವಯಸ್ಸಾದ ಗಂಡಸರಲ್ಲಿ ತುಂಬ ಜನಕ್ಕೆ ಚೀಟಿ ಬಂತು. ನಿಮ್ಮ 11% ನಮ್ಮ ಕಡೆ ನಡೆಯಲ್ಲ ಸರ್. ಆ ಎಕ್ಸ್-ರೇನೇ ನಂಬಬಾರದು.

ಮೇಷ್ಟ್ರು_ತುಮಕೂರು

ಪ್ರಭು ಅವರೇ, ಅಪ್ಪನಿಗೆ ಆಗಿದ್ದು ಓದಿ ಬೇಸರವಾಯಿತು. 11% ಎಲ್ಲ ಕಡೆ ನಡೆಯಲ್ಲ ಅನ್ನೋ ನಿಮ್ಮ ಮಾತು ಸರಿ. ಅದು ಮೆಷಿನ್ ಜೊತೆ ಫ್ಯಾಕ್ಟರಿಯಿಂದ ಬಂದ ಸಂಖ್ಯೆ ಅಲ್ಲ. ಯಾವ ಜನರ ಎದೆ ಮೇಲೆ ಆ ಮೆಷಿನ್ ಇಡ್ತೀವಿ ಅನ್ನೋದರ ಮೇಲೆ ಅದು ಬದಲಾಗುತ್ತೆ. ಧೂಳು ಕೂತ ಎದೆ, ಹಿಂದೆ ಟಿಬಿ ಬಂದು ವಾಸಿಯಾದ ಗಾಯದ ಕಲೆ, ಇವೆಲ್ಲ ಫಿಲ್ಮಿನಲ್ಲಿ ಕಾಣುತ್ತವೆ.

ಆದರೆ "ನಂಬಬಾರದು" ಅನ್ನೋದನ್ನು ಒಪ್ಪಲ್ಲ. ಸಿಲಿಕೋಸಿಸ್ ಇರೋರಿಗೆ ಟಿಬಿ ಬರೋ ಸಾಧ್ಯತೆಯೂ ಬೇರೆಯವರಿಗಿಂತ ಜಾಸ್ತಿ. ಎರಡೂ ಒಟ್ಟಿಗೆ ಏರುತ್ತವೆ.

ಒಂದು ಲೆಕ್ಕ ಮಾಡೋಣ. ಈ ಸಂಖ್ಯೆಗಳು ನಾನು ಕಲ್ಪಿಸಿಕೊಂಡಿದ್ದು, ಕೆಜಿಎಫ್‌ನ ಅಳತೆ ಅಲ್ಲ. 1000 ಜನರ ಕ್ಯಾಂಪ್. ಅದರಲ್ಲಿ 200 ಜನ ಹಳೇ ಗಣಿ ಕೆಲಸಗಾರರು, 800 ಜನ ಉಳಿದವರು. ಗಣಿಯವರಲ್ಲಿ 2% ಜನಕ್ಕೆ ಟಿಬಿ ಇದೆ, ಟಿಬಿ ಇಲ್ಲದಿದ್ದರೂ 40% ಜನಕ್ಕೆ ಅಸಹಜ ಫಿಲ್ಮ್ ಬರುತ್ತೆ ಅನ್ನಿ. 200ರಲ್ಲಿ ಟಿಬಿ 4 ಜನ, ಸಿಕ್ಕೋದು ಹೆಚ್ಚು ಕಡಿಮೆ ಆ ನಾಲ್ಕೂ. ಇಲ್ಲದ 196ರಲ್ಲಿ 78 ಜನಕ್ಕೆ ಸುಮ್ನೆ ಚೀಟಿ. ಒಟ್ಟು 82 ಚೀಟಿ. ಉಳಿದ 800 ಜನರಿಂದ, ಮೊದಲಿನ ದರದಲ್ಲೇ, ಸುಮಾರು 90 ಚೀಟಿ. ಇಡೀ ಕ್ಯಾಂಪಲ್ಲಿ 172.

ಇದೂ ಅದೇ ಸೂತ್ರ. ಗುಂಪು ಗುಂಪಾಗಿ ಒಡೆದು, ಗಾತ್ರದಿಂದ ಗುಣಿಸಿ ಕೂಡಿದ್ದು. ಇದನ್ನು ಒಡೆಯದೆ ಎಲ್ಲರಿಗೂ 11% ಅಂತ ಹಿಡಿದವರು 110 ಚೀಟಿ ಬರುತ್ತೆ ಅಂತ ಕಫದ ಡಬ್ಬಿ ತಂದಿರ್ತಾರೆ, ಮಧ್ಯಾಹ್ನಕ್ಕೆ ಡಬ್ಬಿ ಖಾಲಿ. ಇನ್ನೂ ಒಂದು ನೋಡಿ. ಗಣಿಯವರ 82 ಚೀಟಿಯಲ್ಲಿ ನಾಲ್ಕು ನಿಜ, ಸುಮಾರು 5%. ಉಳಿದವರ 90ರಲ್ಲಿ ಎರಡು ಇದ್ದರೆ ಹೆಚ್ಚು. ಅಂದರೆ ಗಣಿಯವರ ಫಿಲ್ಮ್ ಜಾಸ್ತಿ ಸುಳ್ಳು ಹೇಳಿದರೂ, ಅವರ ಒಂದು ಚೀಟಿಯ ತೂಕ ಕಡಿಮೆಯಾಗಿಲ್ಲ.

ಪ್ರಭು_ಕೆಜಿಎಫ್

ಕೊನೇ ಸಾಲು ನಾನು ಯೋಚಿಸಿರಲಿಲ್ಲ. ಆದರೂ 2% ಅಂತ ನೀವೇ ಇಟ್ಟುಕೊಂಡಿದ್ದು ತಾನೇ. ಅದು 1% ಆದರೆ?

ಮೇಷ್ಟ್ರು_ತುಮಕೂರು

ಆಗ 81 ಚೀಟಿಯಲ್ಲಿ ಎರಡು ನಿಜ, ಎರಡೂವರೆ ಪರ್ಸೆಂಟ್‌ಗೆ ಇಳಿಯುತ್ತೆ, ಎರಡೂ ಗುಂಪು ಸಮ ಆಗುತ್ತೆ. ನಿಮ್ಮ ಊರಿನ ನಿಜವಾದ ಸಂಖ್ಯೆ ಅಲ್ಲಿ ಎಣಿಸಿದ ಮೇಲೆ ತಾನೇ ಸಿಗೋದು.

ಮಹೇಶ_ಗೌರಿಬಿದನೂರು

ನನ್ನ 50-50 ವಾಪಸ್ ತಗೊಂಡೆ. ಆದರೆ ಒಂದು ಉಪಾಯ ಇದೆ. ಕಫ ಎಲ್ಲ ಯಾಕೆ, ಅಮ್ಮನಿಗೆ ಇನ್ನೊಂದು ಸಲ ಎಕ್ಸ್-ರೇ ತೆಗೆಸಿ. ಸುಮ್ನೆ ಪಾಸಿಟಿವ್ ಬರೋದು ಒಂದು ಸಲಕ್ಕೆ 11%, ಎರಡು ಸಲವೂ ಬರೋದು 0.11 × 0.11, ಅಂದರೆ 1.2%. ಮೂರು ಸಲ ತೆಗೆದರೆ ಇನ್ನೂ ಕಡಿಮೆ. ಎರಡು ಸಲವೂ ಅಸಹಜ ಬಂದರೆ ಆಗ ಗಟ್ಟಿ.

ಮಾಲೂರು_ಸಿಸ್ಟರ್

ಬೇಡ ಕಣಪ್ಪ. ಅದೇ ಎದೆ, ಅದೇ ಕಲೆ. ಎಷ್ಟು ಸಲ ತೆಗೆದರೂ ಅದೇ ಕಲೆ ಕಾಣುತ್ತೆ.

ಮೇಷ್ಟ್ರು_ತುಮಕೂರು

ಸಿಸ್ಟರ್ ಒಂದೇ ಸಾಲಲ್ಲಿ ಮುಗಿಸಿದರು. ನಾನು ಸ್ವಲ್ಪ ಬಿಡಿಸ್ತೀನಿ, ಯಾಕಂದರೆ ಈ ತಪ್ಪನ್ನು ಓದಿದವರೂ ಮಾಡ್ತಾರೆ.

ರಾಗಿ ಕ್ಲೀನ್ ಮಾಡೋದನ್ನು ನೆನಪು ಮಾಡ್ಕೊಳ್ಳಿ. ಜರಡಿ ಹಿಡಿದಾಗ ರಾಗಿಗಿಂತ ದಪ್ಪ ಕಲ್ಲು ಮೇಲೆ ನಿಲ್ಲುತ್ತೆ. ರಾಗಿಕಾಳಿನಷ್ಟೇ ಇರೋ ಮರಳು ರಾಗಿ ಜೊತೆ ಕೆಳಗೆ ಬೀಳುತ್ತೆ. ಅದನ್ನೇ ಇನ್ನೊಂದು ಸಲ ಅದೇ ಜರಡಿಗೆ ಹಾಕಿದರೆ? ಮತ್ತೆ ಬೀಳುತ್ತೆ. ಹತ್ತು ಸಲ ಹಾಕಿದರೂ ಬೀಳುತ್ತೆ. ಜರಡಿ ನಾಣ್ಯ ಚಿಮ್ಮಿ ತೀರ್ಮಾನ ಮಾಡ್ತಿಲ್ಲ, ಗಾತ್ರ ನೋಡ್ತಿದೆ. ಗಾತ್ರ ಬದಲಾಗಿಲ್ಲ. ಅದಕ್ಕೇ ಮೊರದಲ್ಲಿ ಕೇರೋದು. ಮೊರ ನೋಡೋದು ಗಾತ್ರ ಅಲ್ಲ, ತೂಕ. ಜರಡಿಯನ್ನು ದಾಟಿದ ಮರಳು ಮೊರದಲ್ಲಿ ಸಿಕ್ಕಿಬೀಳುತ್ತೆ.

0.11 × 0.11 ಅಂತ ಗುಣಿಸಬೇಕಾದರೆ ಎರಡನೇ ಪರೀಕ್ಷೆಯ ತಪ್ಪು ಮೊದಲನೇದರ ತಪ್ಪಿಗೆ ಸಂಬಂಧವೇ ಇಲ್ಲದ ಹಾಗೆ ಇರಬೇಕು. ಪ್ರಭು ಅವರ ಅಪ್ಪನ ಎದೆಯಲ್ಲಿ ಧೂಳು ಕೂತಿದೆ, ಮೊದಲ ಫಿಲ್ಮಲ್ಲಿ ಕಂಡಿದ್ದು ಎರಡನೇದರಲ್ಲೂ ಕಾಣುತ್ತೆ. ಅವರ ಮಟ್ಟಿಗೆ ಎರಡನೇ ಸಲದ ದರ 11% ಅಲ್ಲ, ಹತ್ತಿರ ಹತ್ತಿರ 100%. ಕಫ ಪರೀಕ್ಷೆ ನೆರಳು ನೋಡಲ್ಲ, ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುತ್ತೆ. ಅದು ಮೊರ.

ಕಫದ ಮೇಲೆ ಮಾಡೋ ಸಿಬಿನ್ಯಾಟ್ ಥರದ ಪರೀಕ್ಷೆಗೆ ಟಿಬಿ ಇರೋರಲ್ಲಿ 85% ಸಿಕ್ಕುತ್ತಾರೆ, ಇಲ್ಲದವರಲ್ಲಿ 2% ಜನಕ್ಕೆ ಸುಮ್ನೆ ಪಾಸಿಟಿವ್ ಅಂತ ಹಿಡಿದು ಮುಂದುವರಿಸಿ. ನಮ್ಮ 11,249 ಜನರಲ್ಲಿ ಟಿಬಿ ಇರೋ 282ರಲ್ಲಿ 240 ಸಿಕ್ಕರು. ಇಲ್ಲದ 10,967ರಲ್ಲಿ 219 ಜನಕ್ಕೆ ತಪ್ಪಾಗಿ ಬಂತು. 459ರಲ್ಲಿ 240 ನಿಜ, 52%. ಎರಡೂವರೆಯಿಂದ ಒಂದೇ ಹೆಜ್ಜೆಗೆ 52. ಒಂದು ಪರೀಕ್ಷೆಯ ಕೊನೇ ಸಂಖ್ಯೆ ಮುಂದಿನ ಪರೀಕ್ಷೆಗೆ ಮೊದಲ ಸಂಖ್ಯೆ ಆಗೋದು ಹೀಗೆ.

ಮಾಲೂರು_ಸಿಸ್ಟರ್

ಸರ್, ಆ 2% ಯಾರು ಅಂತ ಹೇಳ್ತೀನಿ. ಅದರಲ್ಲಿ ಹಿಂದೆ ಟಿಬಿ ಬಂದು ಪೂರ್ತಿ ಮಾತ್ರೆ ತಗೊಂಡು ವಾಸಿಯಾದವರು ಇರ್ತಾರೆ. ರೋಗಾಣು ಸತ್ತಿದ್ದರೂ ಅದರ ಡಿಎನ್‌ಎ ಚೂರು ಕಫದಲ್ಲಿ ಉಳಿದಿರುತ್ತೆ, ಮೆಷಿನ್‌ಗೆ ಸತ್ತಿದ್ದು ಬದುಕಿದ್ದು ಗೊತ್ತಾಗಲ್ಲ. ಅಂಥವರಿಗೆ ಎಕ್ಸ್-ರೇಲೂ ಹಳೇ ಕಲೆ ಇರುತ್ತೆ. ಅಂದರೆ ನಿಮ್ಮ ಜರಡಿ ಮೊರ ಎರಡನ್ನೂ ದಾಟೋ ಮರಳು ಸ್ವಲ್ಪ ಇದೆ. ಅವರಿಗೆ ಕಫದಲ್ಲಿ ಬದುಕಿರೋ ರೋಗಾಣು ಬೆಳೆಯುತ್ತಾ ಅಂತ ನೋಡೋ ಕಲ್ಚರ್ ಮಾಡಿಸಬೇಕು, ಅದಕ್ಕೆ ವಾರಗಟ್ಟಲೆ ಬೇಕು.

ಸುಮ ಅವರೇ, ಅಮ್ಮನಿಗೆ ಮೊದಲು ಟಿಬಿ ಬಂದಿತ್ತಾ? ಮನೆಯಲ್ಲಿ ಯಾರಿಗಾದರೂ? ರಾತ್ರಿ ಬೆವರು, ಸಂಜೆ ಜ್ವರ, ತೂಕ ಇಳಿದಿದೆಯಾ?

ಇನ್ನೊಂದು ಮಾತು, ತಟ್ಟೆ ಲೋಟದಿಂದ ಟಿಬಿ ಹರಡಲ್ಲ. ಅದು ಕೆಮ್ಮಿದಾಗ ಗಾಳಿಯಲ್ಲಿ ಹರಡೋದು. ರಿಸಲ್ಟ್ ಬರೋವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ, ಕಿಟಕಿ ತೆಗೆದಿಡಿ. ತಟ್ಟೆ ಬೇರೆ ಮಾಡೋದು ಬೇಡ, ಅದು ಮನಸ್ಸಿಗೆ ನೋವು ಕೊಡೋದು ಬಿಟ್ಟರೆ ಏನೂ ಉಪಯೋಗ ಇಲ್ಲ.

ಶಿಡ್ಲಘಟ್ಟ_ಸುಮ

ತಟ್ಟೆ ವಿಷಯ ಈಗಲೇ ಓದಿ ಹೇಳಿದೆ ಸಿಸ್ಟರ್, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಮೊದಲು ಟಿಬಿ ಬಂದಿಲ್ಲ. ಜ್ವರ ಇಲ್ಲ. ತೂಕ ಎರಡು ಮೂರು ಕೆಜಿ ಇಳಿದಿದೆ, ಆದರೆ ಈ ಚಿಂತೆಯಲ್ಲಿ ಊಟ ಬಿಟ್ಟಿದ್ದಕ್ಕಾ ಮೊದಲಿಂದಲಾ ಗೊತ್ತಿಲ್ಲ. ಕೆಮ್ಮು ವರ್ಷಗಳಿಂದ ಇದೆ.

ಮೇಷ್ಟ್ರು_ತುಮಕೂರು

ಸಿಸ್ಟರ್ ಕೇಳಿದ ಈ ಪ್ರಶ್ನೆಗಳು ಲೆಕ್ಕದ ಒಳಗೇ ಬರುತ್ತವೆ. ಲಕ್ಷಕ್ಕೆ 300 ಅನ್ನೋದು ಊರಲ್ಲಿ ಹೋಗ್ತಾ ಬರ್ತಾ ಇರೋ ಯಾರೋ ಒಬ್ಬರ ಸಂಖ್ಯೆ. ಸಂಜೆ ಜ್ವರ, ರಾತ್ರಿ ಬೆವರು, ಮೂರು ವಾರದ ಹೊಸ ಕೆಮ್ಮು ಇರೋ ವ್ಯಕ್ತಿ ಆ ಯಾರೋ ಒಬ್ಬರಲ್ಲ. ಅಂಥ ನೂರು ಜನರಲ್ಲಿ 5 ಜನಕ್ಕೆ ಟಿಬಿ ಇದೆ ಅಂತ ಡಾಕ್ಟರಿಗೆ ಅನ್ನಿಸಿದರೆ, ಅದೇ ಎಕ್ಸ್-ರೇ ಚೀಟಿ ಆದ ಮೇಲೆ 31% ಆಗುತ್ತೆ. 0.047 ಭಾಗಿಸು 0.1515. ಅದೇ ಮೆಷಿನ್, ಅದೇ ಚೀಟಿ, ಒಬ್ಬರಿಗೆ ಎರಡೂವರೆ, ಇನ್ನೊಬ್ಬರಿಗೆ 31.

ನಿಮ್ಮ ಅಮ್ಮ ಈ ಎರಡರ ನಡುವೆ ಎಲ್ಲೋ ಇದ್ದಾರೆ. ಎಲ್ಲಿ ಅಂತ ನಾನು ಹೇಳೋಕಾಗಲ್ಲ. ಹೊಗೆಯಿಂದ ಬಂದ ಹಳೇ ಕೆಮ್ಮು ಒಂದು ಕಡೆ ಎಳೆಯುತ್ತೆ, ತೂಕ ಇಳಿದಿರೋದು ಇನ್ನೊಂದು ಕಡೆ.

ಮಾಲೂರು_ಸಿಸ್ಟರ್

ನನ್ನನ್ನು ಕೇಳಿದರೆ ತೂಕ ಇಳಿದಿರೋದನ್ನು ಜಾಸ್ತಿ ಲೆಕ್ಕಕ್ಕೆ ತಗೋತೀನಿ. ಹಳೇ ಕೆಮ್ಮು ಅಂತ ಬಿಟ್ಟವರಲ್ಲೇ ನಾವು ಎಷ್ಟೋ ಜನರನ್ನು ತಡವಾಗಿ ಹಿಡಿದಿದ್ದೀವಿ.

ಮೇಷ್ಟ್ರು_ತುಮಕೂರು

ಚೀಟಿ ಬಂದ ಚಿಂತೆಯಲ್ಲಿ ಇಳಿದ ತೂಕ ಆದರೆ ಅದನ್ನು ಚೀಟಿಗೆ ಸಾಕ್ಷಿ ಅಂತ ಮತ್ತೆ ಸೇರಿಸಿದ ಹಾಗಾಗುತ್ತೆ ಸಿಸ್ಟರ್. ಕ್ಯಾಂಪಿಗೆ ಮೊದಲಿನ ತೂಕ ಎಲ್ಲಾದರೂ ಬರೆದಿದ್ದರೆ ನೋಡಬೇಕು. ಇದರಲ್ಲಿ ನಾವಿಬ್ಬರೂ ಒಪ್ಪಬೇಕಿಲ್ಲ.

ನಾಗರಾಜ_ಪಾವಗಡ

ಇಷ್ಟೆಲ್ಲ ಓದಿದೆ. ಪಾಸಿಟಿವ್ ಬಂದರೂ ನೂರಕ್ಕೆ 97 ಜನಕ್ಕೆ ಟಿಬಿ ಇಲ್ಲ ಅಂದಮೇಲೆ ಈ ಕ್ಯಾಂಪಿಂದ ಏನು ಪ್ರಯೋಜನ? ಇನ್ನು ನೆಗೆಟಿವ್ ಬಂದರೂ ನಂಬೋಕಾಗಲ್ಲ. ನಮ್ಮ ಸೋದರಮಾವನಿಗೆ ಎದೆ ಎಕ್ಸ್-ರೇ ನಾರ್ಮಲ್ ಅಂದರು. ನಾಲ್ಕು ತಿಂಗಳಿಗೆ ಕುತ್ತಿಗೆಯಲ್ಲಿ ಗಂಟು ಆಗಿ, ಸೂಜಿ ಹಾಕಿ ನೋಡಿದರೆ ಟಿಬಿ. ಎಲ್ಲಿ ಹೋಯ್ತು ನಿಮ್ಮ 94%?

ಮಾಲೂರು_ಸಿಸ್ಟರ್

ನಾಗರಾಜಣ್ಣ, ಕುತ್ತಿಗೆ ಗಂಟಿನ ಟಿಬಿ ಎದೆ ಎಕ್ಸ್-ರೇಲಿ ಕಾಣಲೇಬೇಕು ಅಂತಿಲ್ಲ. 94% ಅನ್ನೋದು ಶ್ವಾಸಕೋಶದ ಟಿಬಿಗೆ ಮಾತ್ರ. ಗಂಟು, ಮೂಳೆ, ಹೊಟ್ಟೆ, ಮೆದುಳಿನ ಟಿಬಿಗೆ ಆ ಸಂಖ್ಯೆ ಅಲ್ಲವೇ ಅಲ್ಲ. ಎಕ್ಸ್-ರೇ ತಪ್ಪು ಹೇಳಿಲ್ಲ, ಅದಕ್ಕೆ ಕೇಳಿದ ಪ್ರಶ್ನೆ ಬೇರೆ ಇತ್ತು.

ಪ್ರಯೋಜನ ಏನು ಅಂದರೆ, ಅದೇ ದೇಶದ ಸರ್ವೆಯಲ್ಲಿ ಸಿಕ್ಕ ಟಿಬಿ ಕೇಸುಗಳಲ್ಲಿ 42% ಗಿಂತ ಜಾಸ್ತಿ ಜನ ಎಕ್ಸ್-ರೇ ಇಲ್ಲದಿದ್ದರೆ ಸಿಕ್ಕುತ್ತಲೇ ಇರಲಿಲ್ಲ. ಕೆಮ್ಮು ಜ್ವರ ಕೇಳಿ ಮಾತ್ರ ಹುಡುಕಿದ್ದರೆ ಅವರೆಲ್ಲ ಬಿಟ್ಟುಹೋಗ್ತಿದ್ದರು.

ಮೇಷ್ಟ್ರು_ತುಮಕೂರು

ನೆಗೆಟಿವ್ ಬಂದವರ ಲೆಕ್ಕ ನಾವು ಮಾಡೇ ಇಲ್ಲ. ನಾಗರಾಜ್ ಅದನ್ನು ನೆನಪಿಸಿದರು. ಲಕ್ಷದಲ್ಲಿ ನೆಗೆಟಿವ್ ಬಂದವರು 88,751 ಜನ, ಅದರಲ್ಲಿ ಟಿಬಿ ಇರೋರು 18. ಸುಮಾರು 4,900 ಜನರಲ್ಲಿ ಒಬ್ಬರು. ಊರಿನ ಸಾಮಾನ್ಯ ಮನುಷ್ಯನಿಗೆ ಅದು ನೆಮ್ಮದಿ ಕೊಡೋ ಸಂಖ್ಯೆ. ಆದರೆ ಮೊದಲೇ 5% ಅನುಮಾನ ಇದ್ದವರಿಗೆ ನೆಗೆಟಿವ್ ಬಂದರೆ 280 ಜನರಲ್ಲಿ ಒಬ್ಬರಿಗೆ ಇನ್ನೂ ಇರಬಹುದು. ಅವರು ಕೆಮ್ಮು ನಿಲ್ಲದಿದ್ದರೆ ಮತ್ತೆ ಬರಬೇಕು.

ಚೀಟಿ ಕಡಿಮೆ ಆಗಲಿ ಅಂದರೆ ಅದಕ್ಕೂ ದಾರಿ ಇದೆ. "ಏನು ಅಸಹಜ ಕಂಡರೂ" ಅನ್ನೋ ಬದಲು "ಟಿಬಿ ಅನ್ನಿಸೋ ನೆರಳು ಕಂಡರೆ ಮಾತ್ರ" ಅಂತ ಓದಿದರೆ ಅದೇ ಮಾರ್ಗಸೂಚಿ ಪ್ರಕಾರ 85% ಸಿಕ್ಕುತ್ತಾರೆ, ಸುಳ್ಳು ಪಾಸಿಟಿವ್ 4%ಗೆ ಇಳಿಯುತ್ತೆ. ಲಕ್ಷದಲ್ಲಿ ಚೀಟಿ 11,249ರಿಂದ 4,243ಕ್ಕೆ ಬರುತ್ತೆ, ಅದರಲ್ಲಿ 6% ನಿಜ. ಆದರೆ ತಪ್ಪಿಸಿಕೊಳ್ಳೋರು 18ರಿಂದ 45 ಆಗ್ತಾರೆ. ಏಳು ಸಾವಿರ ಮನೆಯ ಹೆದರಿಕೆ ಉಳಿಸೋಕೆ 27 ರೋಗಿಗಳನ್ನು ಬಿಡಬೇಕಾ? ಅದನ್ನು ಸೂತ್ರ ಹೇಳಲ್ಲ.

ನಾಗರಾಜ_ಪಾವಗಡ

27 ಜನರಲ್ಲಿ ನಮ್ಮವರು ಒಬ್ಬರಿದ್ದರೆ ಬಿಡಬೇಡಿ ಅಂತೀನಿ. ಏಳು ಸಾವಿರದಲ್ಲಿ ಇದ್ದರೆ ಏನಂತೀನೋ ಗೊತ್ತಿಲ್ಲ.

ಪ್ರಭು_ಕೆಜಿಎಫ್

ನಾನು ಆ ಏಳು ಸಾವಿರದ ಕಡೆಯವನು. ಹೆದರಿಕೆ ಪರವಾಗಿಲ್ಲ, ಕಫ ನೋಡದೆ ಮಾತ್ರೆ ಕೊಡಬಾರದು, ಅಷ್ಟೇ.

ಶಿಡ್ಲಘಟ್ಟ_ಸುಮ

ಒಂಬತ್ತು ದಿನ ಆದ ಮೇಲೆ ಬರೀತಿದ್ದೀನಿ. ಅಮ್ಮನ ಕಫದ ರಿಸಲ್ಟ್ ನೆಗೆಟಿವ್ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ. ನಾನು ಮೇಷ್ಟ್ರ ಥರ ಲೆಕ್ಕ ಹಾಕೋಕೆ ಕೂತೆ, ತಪ್ಪಿದ್ದರೆ ತಿದ್ದಿ.

ಎಕ್ಸ್-ರೇ ಆದ ಮೇಲೆ 2.5% ಇತ್ತು ಅಂತ ಹಿಡಿದರೆ: ಟಿಬಿ ಇದ್ದೂ ಕಫ ನೆಗೆಟಿವ್ 0.025 × 0.15, ಅಂದರೆ 0.00375. ಇಲ್ಲದೆ ನೆಗೆಟಿವ್ 0.975 × 0.98, ಅಂದರೆ 0.9555. ಎರಡೂ ಕೂಡಿ ಭಾಗಿಸಿದರೆ 0.4%.

31% ಇತ್ತು ಅಂತ ಹಿಡಿದರೆ: 0.0465 ಮತ್ತು 0.676. ಭಾಗಿಸಿದರೆ 6.4%.

ಮೇಷ್ಟ್ರು_ತುಮಕೂರು

ಎರಡೂ ಸರಿ. ಒಂದು ಅಂಕಿಯೂ ತಿದ್ದೋದಿಲ್ಲ.

ಮಾಲೂರು_ಸಿಸ್ಟರ್

ಲೆಕ್ಕ ಸರಿ ಇರಬಹುದು ಸುಮ, ಆದರೆ ಆ 0.15 ಬಗ್ಗೆ ಒಂದು ಕೇಳ್ತೀನಿ. ಅಮ್ಮ ಡಬ್ಬಿಗೆ ಕಫ ಕೊಟ್ಟರಾ, ಎಂಜಲು ಕೊಟ್ಟರಾ? ಬೆಳಗ್ಗೆ ಎದ್ದ ತಕ್ಷಣ ನೀರಿಂದ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಉಸಿರು ಪೂರ್ತಿ ಎಳೆದು, ಎದೆಯಿಂದ ಕೆಮ್ಮಿ ತೆಗೆದಿದ್ದು ಅಂಟಂಟಾಗಿ ಗಟ್ಟಿಯಾಗಿ ಇರಬೇಕು. ನೀರಾಗಿ ನೊರೆ ಇದ್ದರೆ ಅದು ಎಂಜಲು. ಎಂಜಲಲ್ಲಿ ಹುಡುಕಿದರೆ ಟಿಬಿ ಇದ್ದರೂ ಸಿಕ್ಕಲ್ಲ, ನೂರಕ್ಕೆ 15 ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ತಪ್ಪಿಹೋಗುತ್ತೆ. ಆ 85% ಒಳ್ಳೆ ಕಫಕ್ಕೆ ಮಾತ್ರ.

ಶಿಡ್ಲಘಟ್ಟ_ಸುಮ

ಅಮ್ಮನನ್ನು ಕೇಳಿದೆ. ಆಸ್ಪತ್ರೆ ಕಾರಿಡಾರಲ್ಲಿ ಎಲ್ಲರ ಮುಂದೆ ಕೆಮ್ಮೋಕೆ ನಾಚಿಕೆಯಾಗಿ, ಮಧ್ಯಾಹ್ನ ಹೊತ್ತಲ್ಲಿ ಸುಮ್ನೆ ಬಾಯಲ್ಲಿ ಇದ್ದಿದ್ದನ್ನು ಉಗಿದು ಕೊಟ್ಟರಂತೆ. ಇನ್ನೊಂದು ಡಬ್ಬಿ ತಂದಿದ್ದೀನಿ. ನಾಳೆ ಬೆಳಗ್ಗೆ ಹಿತ್ತಲಲ್ಲಿ ಒಬ್ಬರೇ ನಿಂತು ಕೊಡ್ತಾರೆ. ಇವತ್ತು ರಾತ್ರಿ ಕಿಟಕಿ ತೆಗೆದಿಟ್ಟು ಒಳಗೇ ಮಲಗಿದ್ದಾರೆ.